ಅಪ್‌ಡೇಟ್: ಕಾಕಾನ ಕಂದು ಶೂ ಯಾವ ಕಂಪನಿಯದು ಅಂತ ಗೊತ್ತಾಯ್ತು

ನನ್ನ ಪ್ರಶ್ನೆ: "ಬೆಳಗಾವಿಯಲ್ಲಿ ನಮ್ಮ ಕಾಕಾನ ಹಳೇ ಲೆದರ್ ಶೂ ಸಿಕ್ಕಿದೆ. ಒಳಗಿನ ಅಚ್ಚು ಸವೆದಿದೆ, ಸೋಲ್ ಮೇಲೆ 'ಡೈನೈಟ್' ಅಂತಿದೆ. ಅದೇ ಬ್ರಾಂಡಾ?"

ಅಲ್ರೀ. ಡೈನೈಟ್ ಅನ್ನೋದು ಬರೀ ರಬ್ಬರ್ ಸೋಲಿನ ಹೆಸರು, ಇಂಗ್ಲೆಂಡಿನ ಹಾರ್ಬರೋ ರಬ್ಬರ್ ಕಂಪನಿ ಮಾಡೋದು. ಆ ಗುಂಡು ಗುಂಡು ಉಬ್ಬುಗಳಿರೋ ಸೋಲನ್ನು ಎಷ್ಟೋ ಶೂ ಕಂಪನಿಗಳು ಕೊಂಡು ಹಾಕ್ತಾವೆ. ಹಾಗಾಗಿ ಸೋಲಿನ ಫೋಟೊ ಒಂದರಿಂದಲೇ ಬ್ರಾಂಡ್ ಹೇಳೋಕಾಗಲ್ಲ.

ಗುರುತು ಸಿಕ್ಕಿದ್ದು ಒಳಗಿನ ಅಚ್ಚಿನಿಂದ. ನನ್ನ ಪ್ರಶ್ನೆಗೆ ನಿಮ್ಮಲ್ಲೊಬ್ಬರು ಹೇಳಿದ ಹಾಗೆ ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಹಿಮ್ಮಡಿ ಕಡೆಯಿಂದ ಅಡ್ಡಡ್ಡ ಹಿಡಿದೆ. ಬಣ್ಣ ಪೂರ್ತಿ ಹೋಗಿದ್ರೂ ಒತ್ತಿದ ಅಕ್ಷರದ ತಗ್ಗು ಉಳಿದಿತ್ತು. ನೆರಳಿನಲ್ಲಿ ಮೊದಲ ಅಕ್ಷರ ಎಲ್, ಕೊನೆಗೆ ಕೆ ಮತ್ತು ಇ, ಕೆಳಗೆ 1880 ಕಾಣಿಸಿತು. ಅಂದ್ರೆ ಲೋಕ್, ಇಂಗ್ಲೆಂಡಿನ ಕೆಟರಿಂಗ್ ಊರಿನಲ್ಲಿ 1880ರಲ್ಲಿ ಶುರುವಾದ ಶೂ ಕಂಪನಿ. ಶೂ ಒಳಗಿನ ಪಕ್ಕದ ಚರ್ಮದ ಮೇಲೆ 8 ಮತ್ತು ಎಫ್ ಅಂತಾನೂ ಇತ್ತು: 8 ಬ್ರಿಟಿಷ್ ಅಳತೆ, ಎಫ್ ಅಗಲ. ಮಾಡೆಲ್ ನಂಬರ್ ಮಾತ್ರ ಅಳಿಸಿಹೋಗಿದೆ.

ಒಂದು ಎಚ್ಚರಿಕೆ: ಅಚ್ಚಿರೋ ಚರ್ಮದ ಹಾಳೆಯನ್ನು ಬದಲಾಯಿಸಬಹುದು. ನಮ್ಮದರಲ್ಲಿ ಅದರ ಅಂಚು ಎದ್ದಿಲ್ಲ, ಹೊಸ ಗೋಂದಿನ ಕಲೆಯೂ ಇಲ್ಲ, ಎರಡೂ ಶೂಗಳಲ್ಲಿ ಅಚ್ಚು ಒಂದೇ ಜಾಗದಲ್ಲಿದೆ. ಅದಕ್ಕೇ ನಂಬಿದೆ.

ಖಡೇಬಜಾರದಲ್ಲಿ ಶೂ ರಿಪೇರಿ ಮಾಡೋ ಮಾಮಾ ಅಂಚಿನ ಹೊಲಿಗೆ ನೋಡಿ, "ಇದನ್ನ ಬಿಚ್ಚಿ ಹೊಸಾ ಸೋಲ್ ಹೊಲೀಬಹುದು ನೋಡ್ರೀ, ಬರೇ ಅಂಟಿಸಿದ್ದಲ್ಲ" ಅಂದ್ರು. ಕೊಟ್ಟು ಬಂದೀನಿ. ಟಾರ್ಚಿನ ಉಪಾಯ ಹೇಳಿದವರಿಗೆ ಮನಸಾರೆ ಧನ್ಯವಾದ.