ಅಷ್ಟೇನೂ ಪರಿಚಯವಿಲ್ಲದವರ ಯುಗಾದಿ ಫಾರ್ವರ್ಡ್‌ಗೆ ಏನಂತ ಉತ್ತರಿಸೋದು?

ಕೇಳಿದವರು: ಹೋದ ವರ್ಷ ಮನೆಗೆ ಯುಪಿಎಸ್ ಬ್ಯಾಟರಿ ಹಾಕಿಕೊಟ್ಟವರು ವಾಟ್ಸಾಪಲ್ಲಿ ಯುಗಾದಿ ಚಿತ್ರ ಕಳಿಸಿದ್ದಾರೆ. ಮೇಲೆ ಜೋಡಿ ಬಾಣ ಇದೆ, ಎಲ್ಲರಿಗೂ ಕಳಿಸಿದ್ದೇ ಇರಬೇಕು. ಅವರ ನಂಬರ್ ನಾನು ಸೇವ್ ಮಾಡಿಲ್ಲ. ಮರ್ಯಾದೆಯಾಗಿ ಏನು ಬರೀಲಿ?

ಕಾಫಿಪುಡಿ: ಏನೂ ಬರೀಬೇಡಿ. ಅದು ಬ್ರಾಡ್‌ಕಾಸ್ಟ್, 256 ಜನಕ್ಕೆ ಹೋಗಿರುತ್ತೆ. ನಿಮ್ಮ ಉತ್ತರ ಅಷ್ಟೂ ಜನಕ್ಕೆ ಕಾಣುತ್ತೆ. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ‘ನಿಮಗೂ’, ‘ನಿಮಗೂ’ ಅಂತ ಸಂಜೆವರೆಗೂ ಬಂದು, ನೀರು ಬರಲ್ಲ ಅನ್ನೋ ನೋಟಿಸೇ ಮುಚ್ಚಿಹೋಯ್ತು.

ಸಂಪಿಗೆ ರಸ್ತೆ: ಗ್ರೂಪ್ ಬೇರೆ, ಬ್ರಾಡ್‌ಕಾಸ್ಟ್ ಬೇರೆ ರೀ. ಬ್ರಾಡ್‌ಕಾಸ್ಟ್‌ಗೆ ಕೊಟ್ಟ ಉತ್ತರ ಕಳಿಸಿದವರೊಬ್ಬರಿಗೇ ಹೋಗೋದು. ಅದೂ ಅಲ್ಲದೆ, ಅವರ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಬ್ರಾಡ್‌ಕಾಸ್ಟ್ ತಲುಪುತ್ತೆ. ಇವರು ಸೇವ್ ಮಾಡಿಲ್ಲ, ಆದರೂ ಬಂದಿದೆ. ಅಂದರೆ ಆತ ಇವರ ಹೆಸರು ಹುಡುಕಿಯೇ ಕಳಿಸಿದ್ದಾರೆ. ಆತನಿಗೆ ಬಂದಾಗಲೇ ಜೋಡಿ ಬಾಣ ಇದ್ದಿದ್ದರೆ ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸೋಕಾಗೋದು. ಇಲ್ಲದಿದ್ದರೂ ಹೆಚ್ಚೆಂದರೆ ಐದು. ಅಷ್ಟು ಮಾಡಿದವರಿಗೆ ಒಂದು ಸಾಲು ಬರೆಯೋದು ನ್ಯಾಯ:

‘ಧನ್ಯವಾದ ಸರ್. ನಿಮಗೂ ಮನೆಯವರಿಗೂ ಯುಗಾದಿ ಹಬ್ಬದ ಶುಭಾಶಯಗಳು.’

ಕೆಳಗೆ ನಿಮ್ಮ ಹೆಸರು, ಬಡಾವಣೆ ಹಾಕಿ. ಅವರ ಫೋನಲ್ಲಿ ನೀವು ‘ಯುಪಿಎಸ್ ಗಿರಾಕಿ’ ಅಂತಿರಬಹುದು. ಕೈಯಾರೆ ಟೈಪ್ ಮಾಡಿ, ಅವತ್ತೇ ಕಳಿಸಿ. ‘ಹೇಗಿದ್ದೀರಿ?’ ಅಂತ ಕೇಳಬೇಡಿ, ಅದಕ್ಕೆ ಅವರು ಉತ್ತರಿಸಬೇಕು, ಆಮೇಲೆ ಮತ್ತೆ ನೀವು. ಇನ್ನೊಂದು ಚಿತ್ರವನ್ನಂತೂ ವಾಪಸ್ ಕಳಿಸಲೇಬೇಡಿ. ರಾಮನವಮಿಗೆ ಮತ್ತೊಂದು ಬರುತ್ತೆ. ಬರೆಯೋ ಮನಸ್ಸಿಲ್ಲದಿದ್ದರೆ ಸಂದೇಶದ ಮೇಲೆ ಒತ್ತಿಹಿಡಿದು ಕೈಮುಗಿದ ಚಿಹ್ನೆ ಹಾಕಿ, ಸಾಕು.

ಕಾಫಿಪುಡಿ: ಚಿಹ್ನೆ ಒತ್ತೋದು ಮರ್ಯಾದೆನಾ? ವಯಸ್ಸಾದವರಾದರೆ ಬೇಜಾರು ಮಾಡ್ಕೋತಾರೆ. ಅದಕ್ಕಿಂತ ಸುಮ್ಮನಿರೋದೇ ವಾಸಿ.

ಧಾರವಾಡ ಪೇಢೆ: ಯಾರೂ ಸೂತಕದ ಮಾತ ಆಡವಲ್ರಿ. ನಮ್ಮ ಅಪ್ಪಾರು ತೀರಿಕೊಂಡ ವರ್ಷ ಹಬ್ಬ ಇರಲಿಲ್ಲ. ಆದರೂ ಪರಿಚಯ ಇಲ್ಲದವರೆಲ್ಲ ‘ಹಬ್ಬ ಜೋರೇನ್ರಿ’ ಅಂತ ಕಳಿಸೋರು. ಅವರಿಗೆ ಸಾವಿನ ಸುದ್ದಿ ಬರದ್ರ ಅವರು ಕಂಗಾಲಾಗ್ತಾರ. ‘ಧನ್ಯವಾದಗಳು, ನಿಮಗೆಲ್ಲ ಒಳ್ಳೇದಾಗಲಿ’ ಅಷ್ಟ ಬರೀರಿ. ‘ನಿಮಗೂ’ ಅಂದ್ರ ನಾವೂ ಹಬ್ಬ ಮಾಡೀವಿ ಅಂದಂಗ ಆಕ್ಕೈತಿ, ಅದು ಬ್ಯಾಡ.

ಪಂಚಾಂಗಪ್ರಿಯ: ಮೊದಲು ಚಿತ್ರ ನೋಡಿ. 2026ರ ಯುಗಾದಿಗೆ ‘ವಿಶ್ವಾವಸು ಸಂವತ್ಸರದ ಶುಭಾಶಯ’ ಅಂತಿದ್ದರೆ ಅದು ಹೋದ ವರ್ಷದ್ದು, ಈಗ ಪರಾಭವ. ತಿದ್ದಿ ಹೇಳಿ, ಇಲ್ಲದಿದ್ದರೆ ತಪ್ಪೇ ಊರೆಲ್ಲ ಹರಡುತ್ತೆ.

ಸಂಪಿಗೆ ರಸ್ತೆ: ಮುಖಪರಿಚಯವೂ ಸರಿಯಾಗಿ ಇಲ್ಲದವರಿಗೆ ಹಬ್ಬದ ದಿನ ತಿದ್ದುಪಡಿನಾ? ನಿಮ್ಮ ಉತ್ತರದಲ್ಲಿ ಸಂವತ್ಸರದ ಹೆಸರೇ ಹಾಕಬೇಡಿ, ಮುಗೀತು.

ಪಂಚಾಂಗಪ್ರಿಯ: ಹಾಗಂತ ಎಲ್ಲರೂ ಬಿಟ್ಟಿದ್ದಕ್ಕೇ ಕ್ರೋಧಿ ಸಂವತ್ಸರದ ಚಿತ್ರ ಇವತ್ತಿಗೂ ಓಡಾಡ್ತಿದೆ.

ಕೇಳಿದವರು: ಹೆಸರು, ಬಡಾವಣೆ ಹಾಕಿ ಒಂದು ಸಾಲು ಕಳಿಸಿದೆ. ‘ಬ್ಯಾಟರಿಗೆ ನೀರು ಹಾಕಿಸಿದ್ರಾ ಸರ್?’ ಅಂತ ಬಂದಿದೆ.

ಕಾಫಿಪುಡಿ: ಹೇಳಿದ್ನಲ್ಲ, ಅದು ವ್ಯಾಪಾರ!

ಸಂಪಿಗೆ ರಸ್ತೆ: ನೀರು ಹಾಕಿಸಿ ಎಷ್ಟು ತಿಂಗಳಾಯ್ತು, ಅದನ್ನ ಹೇಳಿ ಮೊದಲು.