ಟ್ಯಾಕ್ಸ್ ರೀಫಂಡ್ ವಾಪಸ್ ಹೋಗಿದೆ, ಅಕೌಂಟ್ ಡಾರ್ಮೆಂಟ್ ಅಂತಾರೆ. ಏನು ಮಾಡಬೇಕು?

ತುಂಗಾತೀರ
ನಮಸ್ಕಾರ. ಇನ್‌ಕಮ್ ಟ್ಯಾಕ್ಸ್ ರೀಫಂಡ್ ₹11,640 ಬರಬೇಕಿತ್ತು, ಪೋರ್ಟಲ್‌ನಲ್ಲಿ ಫೇಲ್ ಆಗಿದೆ ಅಂತ ತೋರಿಸ್ತಿದೆ. ಕೊಟ್ಟಿದ್ದು ಬೆಂಗಳೂರಿನ ಹಳೇ ಸ್ಯಾಲರಿ ಅಕೌಂಟ್. 2022ರಲ್ಲಿ ಆ ಕೆಲಸ ಬಿಟ್ಟ ಮೇಲೆ ಅದನ್ನ ಮುಟ್ಟಿಲ್ಲ. ಕಸ್ಟಮರ್ ಕೇರ್‌ನವರು ಡಾರ್ಮೆಂಟ್ ಆಗಿದೆ, ಹೋಂ ಬ್ರಾಂಚಿಗೆ ಹೋಗಿ ಅಂತಾರೆ. ನಾನೀಗ ಶಿವಮೊಗ್ಗದಲ್ಲಿದ್ದೀನಿ. ಮೂರು ತಿಂಗಳಿಗೊಮ್ಮೆ ಬಡ್ಡಿ ಬೀಳ್ತಾನೇ ಇದೆ, ಹಾಗಿದ್ದೂ ಡಾರ್ಮೆಂಟ್ ಹೇಗೆ? ಪೋರ್ಟಲ್‌ನಲ್ಲಿ ಆ ಅಕೌಂಟ್ ಇವತ್ತಿಗೂ Validated ಅಂತಲೇ ಇದೆ.

ರಾಘು_ಹುಬ್ಬಳ್ಳಿ
ಭಾಳ ಸರಳ ಐತ್ರಿ. ಬೇರೆ ಅಕೌಂಟಿಂದ ಯುಪಿಐನಾಗ ಒಂದು ರೂಪಾಯಿ ಹಾಕ್ರಿ, ಚಾಲೂ ಆಕ್ಕೈತಿ. ನಮ್ಮ ತಮ್ಮಂದು ಹಂಗ ಮಾಡಿದ್ವಿ.

ಕೌಂಟರ್_ನಂ_3
ರಾಘು ಅವರೇ, ವ್ಯವಹಾರ ಇಲ್ಲದೆ ಎರಡು ವರ್ಷ ತುಂಬುವ ಮುಂಚೆ ಹಾಕಿದ್ರೆ ಅದು ಸರಿ. ನಿಮ್ಮ ತಮ್ಮನದು ಇನ್ನೂ ಡಾರ್ಮೆಂಟ್ ಆಗಿರಲಿಲ್ಲ ಅನ್ಸುತ್ತೆ. ಒಮ್ಮೆ ಆದ ಮೇಲೆ ದುಡ್ಡು ಹಾಕಿ ಎಬ್ಬಿಸೋಕೆ ಆಗಲ್ಲ. ಕೆಲವು ಬ್ಯಾಂಕು ಜಮಾ ತಗೊಳ್ಳುತ್ತೆ, ಕೆಲವು ಅದನ್ನೂ ವಾಪಸ್ ಕಳಿಸುತ್ತೆ. ಈ ಮೇಡಂಗೆ ಆಗಿರೋದು ಎರಡನೆಯದು.

ಮೇಡಂ, ಬಡ್ಡಿ ಹಾಕೋದು, ಚಾರ್ಜ್ ಕಡಿಯೋದು ಬ್ಯಾಂಕ್ ತಾನಾಗಿ ಮಾಡೋ ಎಂಟ್ರಿ, ಅದು ಲೆಕ್ಕಕ್ಕಿಲ್ಲ. ನಿಮ್ಮ ಕಡೆಯಿಂದ ಏನಾದ್ರೂ ನಡೆದಿರಬೇಕು. ಮೊಬೈಲ್ ಆ್ಯಪ್‌ಗೆ ಲಾಗಿನ್ ಆಗಿದ್ರೂ ಸಾಕಿತ್ತು. ಇನ್ನು Validated ಅನ್ನೋದು ನೀವು ಅಕೌಂಟ್ ಸೇರಿಸಿದ ದಿನದ ಮಾತು. ಆಮೇಲೆ ಅದು ಡಾರ್ಮೆಂಟ್ ಆದ್ರೆ ಪೋರ್ಟಲ್‌ಗೆ ಗೊತ್ತಾಗುತ್ತೆ ಅಂತ ನಂಬೋ ಹಾಗಿಲ್ಲ.

ಹೋಂ ಬ್ರಾಂಚಿಗೇ ಹೋಗಬೇಕು ಅನ್ನೋದು ಹಳೇ ಮಾತು. ಆರ್‌ಬಿಐ 2024ರ ಜನವರಿ 1ರಂದು ಹೊರಡಿಸಿದ ಸುತ್ತೋಲೆ ಅದೇ ಏಪ್ರಿಲ್‌ನಿಂದ ಜಾರಿಗೆ ಬಂತು. ಅದೇ ಬ್ಯಾಂಕಿನ ಯಾವ ಶಾಖೆಯಲ್ಲಾದ್ರೂ ಕೆವೈಸಿ ಕೊಡಬಹುದು. ಅರ್ಜಿ ಪೂರ್ತಿ ಇದ್ರೆ ಮೂರು ಕೆಲಸದ ದಿನದೊಳಗೆ ಚಾಲೂ ಮಾಡಬೇಕು, ಅದಕ್ಕೆ ಶುಲ್ಕ ತಗೊಳ್ಳೋ ಹಾಗಿಲ್ಲ. ಆಧಾರ್, ಪ್ಯಾನ್, ಫೋಟೋ, ಪಾಸ್‌ಬುಕ್ ಇಟ್ಕೊಂಡು ಹೋಗಿ. ಅರ್ಜಿ ಕೊಟ್ಟು ಸೀಲ್ ಹಾಕಿದ ಸ್ವೀಕೃತಿ ಕೇಳಿ ಪಡೀರಿ. ಅದಿಲ್ಲದಿದ್ರೆ ಮೂರು ದಿನ ಯಾವಾಗಿಂದ ಅಂತ ಎಣಿಸೋದು?

ಇನ್ನೊಂದು ಮಾತು. ರೀಫಂಡಿಗೆ ಇದೇ ಅಕೌಂಟ್ ಕಾಯಬೇಕಿಲ್ಲ. ನಿಮ್ಮ ಹೆಸರಲ್ಲಿ, ಪ್ಯಾನ್ ಜೋಡಣೆಯಾಗಿ ಓಡ್ತಿರೋ ಬೇರೆ ಅಕೌಂಟ್ ಇದ್ರೆ ಅದನ್ನ My Bank Account ಒಳಗೆ ಸೇರಿಸಿ, validate ಆದ ಮೇಲೆ Services ಒಳಗಿನ Refund Reissue ನಲ್ಲಿ ಅದನ್ನೇ ಆರಿಸಿ. ಹಳೇದಕ್ಕೇ ಬೇಕು ಅಂದ್ರೆ ಮಾತ್ರ ಮೊದಲು ಚಾಲೂ ಮಾಡಿಸಿ, ಆಮೇಲೆ ರೀಇಶ್ಯೂ ಹಾಕಿ. ಹಿಂದುಮುಂದಾದ್ರೆ ದುಡ್ಡು ಮತ್ತೆ ವಾಪಸ್ ಹೋಗುತ್ತೆ.

ಸಾವಿತ್ರಿ_ಮಂಡ್ಯ
ನಮ್ಮತ್ತೆಗೆ ಗೃಹಲಕ್ಷ್ಮಿ ದುಡ್ಡು ಬರ್ತಿಲ್ಲ. ಅದೂ ಡಾರ್ಮೆಂಟ್‌ನಿಂದಲೇನಾ? ಪಾಸ್‌ಬುಕ್ ಎಂಟ್ರಿ ಮಾಡ್ಸಿದ್ರೆ ಏನೂ ಬಂದಿಲ್ಲ.

ಕೌಂಟರ್_ನಂ_3
ಅಕ್ಕ, ಅದು ಬೇರೆ ದಾರಿ. ಆ ದುಡ್ಡು ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತೆ. myAadhaar ಜಾಲತಾಣದಲ್ಲಿ Bank Seeding Status ನೋಡಿ, ನೀವು ಎಂಟ್ರಿ ಮಾಡಿಸ್ತಿರೋ ಬ್ಯಾಂಕೇ ಅಲ್ಲಿರಲಿಕ್ಕಿಲ್ಲ.

ತುಂಗಾತೀರ
ಇಲ್ಲಿನ ಶಾಖೆಗೆ ಹೋಗಿದ್ದೆ. ಕೌಂಟರ್‌ನಲ್ಲಿ ಮೊದಲು ಬೆಂಗಳೂರಿಗೇ ಹೋಗಿ ಅಂದ್ರು. ಫೋನ್‌ನಲ್ಲಿ ಸುತ್ತೋಲೆ ತೋರಿಸಿದೆ, ಮ್ಯಾನೇಜರ್ ಓದಿ ಅರ್ಜಿ ತಗೊಂಡ್ರು. ಅಲ್ಲೇ ಗೊತ್ತಾಯ್ತು, ಅಕೌಂಟಿನಲ್ಲಿದ್ದದ್ದು ಆಗಿನ ಕಂಪನಿ ಕೊಟ್ಟಿದ್ದ ಸಿಮ್ಮಿನ ನಂಬರ್. ಬ್ಯಾಂಕ್ ಕಳಿಸಿದ ಎಚ್ಚರಿಕೆ ಮೆಸೇಜೆಲ್ಲ ಆ ನಂಬರಿಗೇ ಹೋಗಿದೆ. ನಂಬರ್ ಬದಲಾವಣೆಗೂ ಅದೇ ದಿನ ಫಾರಂ ತುಂಬಿಸಿದ್ರು. ಗಡುವಿನೊಳಗೆ ಚಾಲೂ ಆಯ್ತು. ಪೋರ್ಟಲ್‌ನಲ್ಲಿ ಹೊಸ ನಂಬರಿನೊಂದಿಗೆ Revalidate ಮಾಡಿ ರೀಇಶ್ಯೂ ಹಾಕಿ ಇ-ವೆರಿಫೈ ಮಾಡಿದ್ದೀನಿ. ದುಡ್ಡು ಇನ್ನೂ ಬಂದಿಲ್ಲ.

ಒಂದೇ ಗೊಂದಲ. ಚಾಲೂ ಆದ ಮೇಲೆ ₹100 ವಿತ್‌ಡ್ರಾ ಮಾಡಲೇಬೇಕು, ಇಲ್ಲದಿದ್ರೆ ಮತ್ತೆ ಡಾರ್ಮೆಂಟ್ ಆಗುತ್ತೆ ಅಂದ್ರು ಶಾಖೆಯಲ್ಲಿ. ನಿಜವಾ?

ಕೌಂಟರ್_ನಂ_3
ಸುತ್ತೋಲೆಯ ಪ್ರಕಾರ ಕೆವೈಸಿ ಅಪ್‌ಡೇಟೇ ನಿಮ್ಮ ಕಡೆಯ ವ್ಯವಹಾರ ಅಂತ ಲೆಕ್ಕ. ಆದ್ರೆ ಕೆಲವು ಬ್ಯಾಂಕಿನವರು ಮೊದಲ ವಿತ್‌ಡ್ರಾ ಕೇಳ್ತಾರೆ. ನೂರು ರೂಪಾಯಿಗೆ ವಾದ ಬೇಡ, ತೆಗೆದುಬಿಡಿ.

ರಾಘು_ಹುಬ್ಬಳ್ಳಿ
ನಮ್ಮ ಬ್ಯಾಂಕಿನಾಗ ಅದನ್ನ ಕೇಳಲಿಲ್ಲರೀ. ಯಾವುದು ಖರೇ ಅಂತ ನಾಳೆ ಕೇಳ್ಕೊಂಡು ಬರ್ತೀನಿ.