ಬಿಳುಚಿದ ಹವಳ ಸತ್ತಿದೆಯಾ? ಪರೀಕ್ಷೆಗೆ ಮುಂಚಿನ ಪ್ರಶ್ನೋತ್ತರ

ವಿದ್ಯಾರ್ಥಿನಿ, ಕಾರವಾರ: ಮೇಡಂ, ಒಂದು ಹವಳದ ದಿಬ್ಬದ ಆರು ವಾರದ ನೀರಿನ ಉಷ್ಣತೆ ಕೊಟ್ಟಿದ್ದಾರೆ: 30.2, 30.7, 31.0, 31.1, 30.9, 30.4. ಅಲ್ಲಿನ ಅತಿ ಬೆಚ್ಚಗಿನ ತಿಂಗಳ ಸರಾಸರಿ 29.6. ಹವಳಕ್ಕೆ ತಾಗಿದ ಬಿಸಿಯ ಒಟ್ಟು ಲೆಕ್ಕ, ಅಂದ್ರೆ ಡಿಎಚ್‌ಡಬ್ಲ್ಯೂ, ನನಗೆ 6.7 ಬರ್ತಿದೆ, ಕೀ ಉತ್ತರ 5.3. ಎಲ್ಲಿ ತಪ್ಪಿದೆ?

ಸಮುದ್ರ ಜೀವವಿಜ್ಞಾನಿ: ಎಲ್ಲ ವಾರವನ್ನೂ ಕೂಡಿಬಿಟ್ಟಿದ್ದೀರಿ. 29.6ಕ್ಕಿಂತ ಪೂರ್ತಿ 1 ಡಿಗ್ರಿ ಅಥವಾ ಜಾಸ್ತಿ ಬಿಸಿಯಾದ ವಾರ ಮಾತ್ರ ಲೆಕ್ಕಕ್ಕೆ. ಮೊದಲ ವಾರ 0.6, ಕೊನೆಯ ವಾರ 0.8 ಅಷ್ಟೇ. ಅವೆರಡನ್ನೂ ಬಿಡಿ. ಉಳಿದದ್ದು 1.1, 1.4, 1.5, 1.3. ಒಟ್ಟು 5.3.

ಏಳನೇ ವಾರ ನೀರು ತಣ್ಣಗಾದರೂ ಈ 5.3 ಸೊನ್ನೆ ಆಗುವುದಿಲ್ಲ. ಹಿಂದಿನ 12 ವಾರದ್ದನ್ನು ಕೂಡುತ್ತಾ ಹೋಗಬೇಕು. ಹವಳಕ್ಕೆ ತಾಗಿದ ಬಿಸಿ ಒಂದೇ ದಿನಕ್ಕೆ ಇಳಿಯುವುದಿಲ್ಲ ಅಲ್ವಾ, ಅದಕ್ಕೇ ಹೀಗೆ. 4ಕ್ಕೆ ಬಂದರೆ ಸಾಕಷ್ಟು ಬಿಳುಚುವಿಕೆ, 8ಕ್ಕೆ ಬಂದರೆ ಸಾವು ಶುರು ಅಂತ ಅಮೆರಿಕದ ನೋವಾ ಸಂಸ್ಥೆಯ ಅಳತೆ. ಇದು ಉಪಗ್ರಹ ನೋಡಿದ 5 ಕಿ.ಮೀ. ಚೌಕದ ಮೇಲ್ಮೈ ನೀರಿನ ಲೆಕ್ಕ. ಅದೇ ಚೌಕದೊಳಗಿನ ಆಳವಿಲ್ಲದ ಲಗೂನಿನಲ್ಲಿ, ಇಳಿತದ ಮಧ್ಯಾಹ್ನ, ನೀರು ಇನ್ನೂ ಬಿಸಿಯಿರಬಹುದು.

ಬಿಎಸ್ಸಿ ವಿದ್ಯಾರ್ಥಿ, ಉಡುಪಿ: ಬಿಳುಚುವಿಕೆಗೆ ಕಾರಣ ಸಮುದ್ರದ ಆಮ್ಲೀಕರಣ ಅಂತ ಬರೆಯಬಹುದಾ?

ಸಮುದ್ರ ಜೀವವಿಜ್ಞಾನಿ: ಬೇಡ. ಆಮ್ಲೀಕರಣ ಮುಖ್ಯವಾಗಿ ಹವಳ ಸುಣ್ಣದ ಗೂಡು ಕಟ್ಟುವುದನ್ನು ನಿಧಾನ ಮಾಡುತ್ತದೆ. ದೊಡ್ಡ ಪ್ರಮಾಣದಲ್ಲಿ ಬಿಳುಚುವುದು ಬಿಸಿ ಮತ್ತು ಬೆಳಕು ಸೇರಿದಾಗ. ಹವಳದೊಳಗಿನ ಪಾಚಿ ಆ ಬಿಸಿಯಲ್ಲಿ ಬೆಳಕನ್ನು ಅರಗಿಸಿಕೊಳ್ಳಲಾಗದೆ ವಿಷದಂಥ ಆಮ್ಲಜನಕದ ರೂಪಗಳನ್ನು ಹುಟ್ಟಿಸುತ್ತದೆ. ಆಗ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ.

ಅಕ್ವೇರಿಯಂ ಇಟ್ಟವರು, ಬೆಂಗಳೂರು: ನಮ್ಮ ಟ್ಯಾಂಕ್‌ನಲ್ಲಿ ನೀರು 26 ಡಿಗ್ರಿಯೇ ಇತ್ತು. ಹೊಸ ಎಲ್‌ಇಡಿ ಹಾಕಿದ ವಾರದಲ್ಲೇ ಕವಲು ಹವಳ ಬೆಳ್ಳಗಾಯ್ತು. ಹಾಗಾದರೆ ಬಿಸಿ ಕಾರಣ ಅನ್ನೋದು ಸುಳ್ಳಲ್ವಾ?

ಸಮುದ್ರ ಜೀವವಿಜ್ಞಾನಿ: ಸುಳ್ಳಲ್ಲ. ಬೆಳಕೊಂದೇ ತೀರಾ ಜಾಸ್ತಿಯಾದರೂ ಬಿಳುಚುತ್ತದೆ. ಮಳೆಯ ಸಿಹಿನೀರು, ಚಳಿಗೂ ಆಗುತ್ತದೆ. ಪರೀಕ್ಷೆಯಲ್ಲಿ ಕೇಳುವುದು ಒಂದು ದ್ವೀಪಸಮೂಹವೇ ಒಟ್ಟಿಗೆ ಬಿಳುಚುವುದರ ಬಗ್ಗೆ. ಅಂದ ಹಾಗೆ, ಆ ಹವಳ ಎಲ್ಲಿಂದ ಬಂತು? ದಿಬ್ಬ ಕಟ್ಟುವ ಹವಳ ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆಯ ಒಂದನೇ ಅನುಸೂಚಿಯಲ್ಲಿದೆ.

ಅಕ್ವೇರಿಯಂ ಇಟ್ಟವರು: ಅಂಗಡಿಯವರು ಬಿಲ್ ಕೊಟ್ಟಿದ್ದಾರೆ.

ಸಮುದ್ರ ಜೀವವಿಜ್ಞಾನಿ: ಬಿಲ್ ಇದ್ದ ಮಾತ್ರಕ್ಕೆ ಕಾನೂನುಬದ್ಧ ಆಗುವುದಿಲ್ಲ.

ಗೃಹಿಣಿ, ಶಿವಮೊಗ್ಗ: ಒಂದು ಫಾರ್ವರ್ಡ್ ಬಂತು. ಬಿಳುಚಿದ ಹವಳದ ಮೇಲೆ ಸುಣ್ಣದ ಪುಡಿ ಚೆಲ್ಲಿದರೆ ಕ್ಯಾಲ್ಸಿಯಂ ಸಿಕ್ಕಿ ಬಣ್ಣ ಬರುತ್ತಂತೆ. ಮಗಳ ನೋಟ್ಸ್‌ಗೆ ಸೇರಿಸಲಾ?

ಸಮುದ್ರ ಜೀವವಿಜ್ಞಾನಿ: ದಯವಿಟ್ಟು ಬೇಡಮ್ಮ. ಹವಳ ಕಳೆದುಕೊಂಡಿದ್ದು ಪಾಚಿಯನ್ನು, ಕ್ಯಾಲ್ಸಿಯಂ ಅನ್ನಲ್ಲ. ಪುಡಿ ಚೆಲ್ಲಿದರೆ ಉಸಿರಾಡುವ ತೆಳು ಪದರದ ಮೇಲೆ ಮಣ್ಣು ಸುರಿದ ಹಾಗೆ. ಇಂಥ ಫಾರ್ವರ್ಡ್ ಇನ್ನು ಇಲ್ಲಿ ಹಾಕಬೇಡಿ.

ಡೈವರ್, ಮುರ್ಡೇಶ್ವರ: ಲಕ್ಷದ್ವೀಪದಲ್ಲಿ ತೆಗೆದ ಫೋಟೊ ಇದು. ಒಂದೇ ಕವಲು ಹವಳದ ಬುಡ ಹಸಿರು ಮಿಶ್ರಿತ ಕಂದು, ತುದಿ ಹಾಲಿನಂತೆ ಬಿಳಿ. ಕಂದು ಕಾಣ್ತಿದೆ, ಅಂದ್ರೆ ಬುಡದಿಂದ ಚೇತರಿಸಿಕೊಳ್ತಿದೆ ತಾನೇ?

ಸಮುದ್ರ ಜೀವವಿಜ್ಞಾನಿ: ಈ ಫೋಟೊ ನನ್ನನ್ನು ಕಾಡುತ್ತಿದೆ. ನೀವು ಅಂದುಕೊಂಡದ್ದು ಉಲ್ಟಾ. ಬುಡವನ್ನು ದೊಡ್ಡದು ಮಾಡಿ ನೋಡಿ. ಕಂದು ಬಣ್ಣ ಮೈಯೊಳಗಿಂದ ಬಂದಿಲ್ಲ, ಮೇಲೆ ಕೂದಲಿನ ಹಾಗೆ ಕೂತಿದೆ. ಅದು ಸತ್ತ ಗೂಡಿನ ಮೇಲೆ ಬೆಳೆದ ಪಾಚಿ. ಬಿಳಿ ತುದಿಗಳೇ ಇನ್ನೂ ಬದುಕಿರುವುದು. ಅಲ್ಲಿ ಹವಳದ ಜೀವಿ ಕೂರುವ ಸಣ್ಣ ಬಟ್ಟಲುಗಳ ಅಂಚು ಮೆತ್ತಗೆ ಹೊಳೆಯುತ್ತಿದೆ, ಗಾಜಿನಂಥ ಪದರ ಇದೆ. ಸತ್ತಿದ್ದರೆ ಬಟ್ಟಲಿನ ಅಂಚು ಗರಗಸದ ಹಾಗೆ ಚೂಪಾಗಿ, ಒಣಗಿದಂತೆ ಕಾಣುತ್ತಿತ್ತು. ಚೇತರಿಸಿಕೊಳ್ಳುವ ಹವಳದಲ್ಲಿ ಬಣ್ಣ ಮೈಯ ಒಳಗಿಂದ ಮಸುಕಾಗಿ ಏರುತ್ತದೆ, ಕೂದಲು ಇರುವುದಿಲ್ಲ.

ಬಿಳಿ ತುದಿಗೆ ಸಮಯ ಕಡಿಮೆ. ಹವಳಕ್ಕೆ ಬೇಕಾದ ಶಕ್ತಿಯ ಬಹುಪಾಲು ಒಳಗಿನ ಪಾಚಿಯೇ ಕೊಡುವುದು. ಕೆಲವು ವಾರದಲ್ಲಿ ನೀರು ತಣ್ಣಗಾದರೆ ಉಳಿದ ಪಾಚಿ ಹೆಚ್ಚಿಕೊಂಡು ಬಣ್ಣ ಮರಳುತ್ತದೆ. ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. ಕವಲೊಡೆಯುವ ಅಕ್ರೊಪೊರಾ ಬೇಗ ಹೋಗುತ್ತದೆ, ಗುಂಡುಕಲ್ಲಿನಂಥ ಪೊರೈಟಿಸ್ ಹೆಚ್ಚಾಗಿ ತಡೆದುಕೊಳ್ಳುತ್ತದೆ.

ಒಂದು ಹವಳ ಚೇತರಿಸುವುದು ಬೇರೆ, ದಿಬ್ಬ ಚೇತರಿಸುವುದು ಬೇರೆ. ಮೊದಲನೆಯದಕ್ಕೆ ತಿಂಗಳುಗಳು, ಎರಡನೆಯದಕ್ಕೆ ವರ್ಷಗಳು. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ದೊಡ್ಡ ಬಿಳುಚುವಿಕೆ ಆಯಿತು, 2024ರಲ್ಲಿ ಮತ್ತೆ. ನಡುವಿನ ಬಿಡುವು 12 ವರ್ಷ, 6 ವರ್ಷ, 8 ವರ್ಷ. ಅಗಟ್ಟಿ, ಕಡಮತ್, ಕವರಟ್ಟಿಯಲ್ಲಿ 24 ವರ್ಷ ಅಳೆದವರು ಕಂಡದ್ದು ತಳದಲ್ಲಿ ಜೀವಂತ ಹವಳದ ಹೊದಿಕೆ ಸುಮಾರು 37 ಶೇಕಡಾದಿಂದ 19ರ ಆಸುಪಾಸಿಗೆ ಇಳಿದದ್ದನ್ನು. ಚೇತರಿಕೆ ವೇಗ ಹಿಡಿಯುವುದೇ ಸುಮಾರು ಆರು ವರ್ಷ ಬಿಳುಚದೆ ಕಳೆದ ಮೇಲೆ. ಈಗ ಬಿಡುವನ್ನು ಮತ್ತೊಮ್ಮೆ ನೋಡಿ. ಚೇತರಿಕೆ ವೇಗ ಹಿಡಿಯುವ ಹೊತ್ತಿಗೇ ಮುಂದಿನ ಪೆಟ್ಟು ಬೀಳುತ್ತಿದೆ.

ಉಪನ್ಯಾಸಕ, ಮೈಸೂರು: ಆದರೆ ಪ್ರತಿ ಸಲ ಸಾವಿನ ಪ್ರಮಾಣ ಕಡಿಮೆಯಾಗಿದೆಯಲ್ಲ? ಅಂದರೆ ಹವಳ ಬಿಸಿಗೆ ಹೊಂದಿಕೊಂಡಿದೆ. ನಾನು ಹಾಗೇ ಪಾಠ ಮಾಡಿದ್ದೇನೆ.

ಸಮುದ್ರ ಜೀವವಿಜ್ಞಾನಿ: ಸರ್, ಸಾವು ಕಡಿಮೆಯಾದದ್ದು ನಿಜ. ಕಾರಣ ಮಾತ್ರ ತೀರ್ಮಾನವಾಗಿಲ್ಲ. ಸೂಕ್ಷ್ಮ ಜಾತಿಗಳು ಮೊದಲೇ ಸತ್ತು ಗಟ್ಟಿ ಜಾತಿಗಳಷ್ಟೇ ಉಳಿದಿದ್ದರೂ ಅಂಕಿ ಹೀಗೇ ಬರುತ್ತದೆ. ಎರಡೂ ಸಾಧ್ಯತೆ ಬರೆಸಿ.

ಉಪನ್ಯಾಸಕ, ಮೈಸೂರು: ಮಕ್ಕಳಿಗೆ ಎರಡೆರಡು ಉತ್ತರ ಕೊಟ್ಟರೆ ಅಂಕ ಹೋಗುತ್ತೆ ಮೇಡಂ.

ವಿದ್ಯಾರ್ಥಿನಿ, ಕಾರವಾರ: ರಕ್ಷಣಾ ಕ್ರಮಕ್ಕೆ 10 ಅಂಕ. ಮೀನುಗಾರಿಕೆ ನಿಷೇಧಿಸಿದ ವಲಯ ಮಾಡಿದರೆ ಬಿಳುಚುವುದು ನಿಲ್ಲುತ್ತಾ?

ಸಮುದ್ರ ಜೀವವಿಜ್ಞಾನಿ: ನಿಲ್ಲುವುದಿಲ್ಲ. 2016ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹೆಚ್ಚು ಏಟು ತಿಂದದ್ದು ಉತ್ತರದ ತುದಿ. ಜನ ಕಡಿಮೆ, ನೀರು ಶುದ್ಧ, ರಕ್ಷಣೆಯೂ ಇತ್ತು. ಬಿಸಿನೀರು ಬೇಲಿ ನೋಡುವುದಿಲ್ಲ.

ಉಪಯೋಗ ಆಮೇಲಿನದು. ಸತ್ತ ಗೂಡಿನ ಮೇಲೆ ಪಾಚಿ ದಟ್ಟವಾದರೆ ಹವಳದ ಮರಿಗೆ ಕೂರಲು ಜಾಗವಿಲ್ಲ. ಗಿಳಿಮೀನು ಅದನ್ನು ಕೆರೆದು ತಿನ್ನುತ್ತದೆ. ಹಾಗಾಗಿ ಗಿಳಿಮೀನು ಹಿಡಿಯುವುದನ್ನು ತಡೆಯುವುದು, ಚರಂಡಿ ನೀರು, ಹೂಳು ತಡೆಯುವುದು ಚೇತರಿಕೆಗೆ ದಾರಿ. ಬಿಳುಚುವುದನ್ನೇ ಕಡಿಮೆ ಮಾಡಲು ಇಂಗಾಲ ಹೊರಸೂಸುವುದನ್ನು ಇಳಿಸಬೇಕು. ಈ ಎರಡನ್ನೂ ಬೇರೆಬೇರೆಯಾಗಿ ಬರೆಯಿರಿ.

ಮೀನುಗಾರ, ಭಟ್ಕಳ: ಎಲ್ಲದಕ್ಕೂ ನಮ್ಮ ಬಲೆಯೇ ಕಾರಣ. ನೇತ್ರಾಣಿ ದ್ವೀಪಕ್ಕೆ ವಾರಕ್ಕೆ ಎಷ್ಟು ಡೈವಿಂಗ್ ಬೋಟು ಹೋಗ್ತವೆ, ಅವು ಲಂಗರು ಹಾಕಲ್ವಾ?

ಡೈವರ್, ಮುರ್ಡೇಶ್ವರ: ಅಣ್ಣ, ನಾವು ಲಂಗರು ಹಾಕದೆ ಬೋಟನ್ನು ತೇಲುವ ಬೋಯಾಕ್ಕೆ ಕಟ್ಟುತ್ತೇವೆ. ಬಂಡೆ ಮೇಲೆ ಸಿಕ್ಕಿಕೊಂಡ ಬಲೆ ಬಿಡಿಸುವವರೂ ನಾವೇ.

ಮೀನುಗಾರ, ಭಟ್ಕಳ: ಎಲ್ಲರೂ ಕಟ್ತಾರಾ? ಕಣ್ಣಾರೆ ನೋಡಿದ್ದೇನೆ. ಜಾಸ್ತಿ ಹೇಳಿಸಬೇಡ.

ಡೈವರ್, ಮುರ್ಡೇಶ್ವರ: ಹೆಸರು ಹೇಳಿ, ನಾನೇ ಕೇಳ್ತೀನಿ.

ಸಮುದ್ರ ಜೀವವಿಜ್ಞಾನಿ: ಹವಳದ ಮೇಲೆ ಬಿದ್ದ ಲಂಗರು ಯಾರದ್ದಾದರೂ ಮುರಿಯುತ್ತದೆ, ಬಲೆಯೂ ಮುರಿಯುತ್ತದೆ. ಇಬ್ಬರೂ ಬೇರೆ ಕಡೆ ಜಗಳ ಮಾಡಿಕೊಳ್ಳಿ.

ಬಿಎಸ್ಸಿ ವಿದ್ಯಾರ್ಥಿ, ಉಡುಪಿ: ಆಮ್ಲೀಕರಣ ಬಿಳುಚುವಿಕೆಗೆ ಕಾರಣ ಅಂತ ಗೈಡ್‌ನಲ್ಲಿದೆ ಮೇಡಂ.

ಸಮುದ್ರ ಜೀವವಿಜ್ಞಾನಿ: ಮೇಲೆ ಹೇಳಿದ್ದೇನೆ.

ಗೃಹಿಣಿ, ಶಿವಮೊಗ್ಗ: ಸನ್‌ಸ್ಕ್ರೀನ್ ಹಚ್ಚುವುದು ಬಿಟ್ಟರೆ ಹವಳ ಉಳಿಯುತ್ತೆ ಅಂತ ಇನ್ನೊಂದು ಬಂದಿದೆ...

ಸಮುದ್ರ ಜೀವವಿಜ್ಞಾನಿ: ಕೆಲವು ರಾಸಾಯನಿಕ ಹವಳಕ್ಕೆ ಕೆಟ್ಟದ್ದು, ಹವಾಯಿ ಅಂಥ ಕೆಲವನ್ನು ಮಾರಾಟದಿಂದ ನಿಷೇಧಿಸಿದೆ. ಲಕ್ಷದ್ವೀಪ ಬಿಳುಚಿದ್ದು ಅದರಿಂದಲ್ಲ. ಫಾರ್ವರ್ಡ್ ಬೇಡ ಅಂದಿದ್ದೆ.

ವಿದ್ಯಾರ್ಥಿ, ಧಾರವಾಡ: ನರ್ಸರಿಯಲ್ಲಿ ಬೆಳೆಸಿ ನೆಟ್ಟ ಹವಳ ಮುಂದಿನ ಬಿಸಿಗೆ ಉಳಿಯುತ್ತಾ?

ಅಕ್ವೇರಿಯಂ ಇಟ್ಟವರು: ನನ್ನ ಎಲ್‌ಇಡಿ ಎಷ್ಟು ಕಡಿಮೆ ಮಾಡಲಿ ಅಂತ ಯಾರೂ ಹೇಳಲಿಲ್ಲ.

ಸಮುದ್ರ ಜೀವವಿಜ್ಞಾನಿ: ಡೈವರ್ ಅವರೇ, ಮತ್ತೆ ಅಲ್ಲಿಗೆ ಹೋದರೆ ಅದೇ ಹವಳವನ್ನು ಅದೇ ಕೋನದಿಂದ, ಪಕ್ಕದಲ್ಲಿ ಸ್ಕೇಲ್ ಹಿಡಿದು ತೆಗೆಯಿರಿ. ಮುಟ್ಟಬೇಡಿ. ಬಿಳಿ ತುದಿ ಎಷ್ಟು ಸೆಂಟಿಮೀಟರ್ ಉಳಿದಿದೆ ಅಂತ ನನಗೆ ಬೇಕು.